ಭಾವ ‘ಹೌದು’ ಎಂದು ಬರೆದಿಟ್ಟಿದ್ದರು, ಆದರೂ ದಾನ ಆಗಲಿಲ್ಲ. ಕಾನೂನು ಬೇರೆ ಇದ್ದಿದ್ದರೆ ಆಗುತ್ತಿತ್ತಾ?

ರಘು, ವಿದ್ಯಾರಣ್ಯಪುರ

ಕಳೆದ ನವೆಂಬರ್‌ನಲ್ಲಿ ನನ್ನ ಭಾವ ತೀರಿಕೊಂಡರು. ನೆಲಮಂಗಲ ದಾಟಿದ ಮೇಲೆ ಅವರ ಬೈಕಿಗೆ ಲಾರಿ ತಗುಲಿತ್ತು. ವಯಸ್ಸು 41. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ತಂದರು. ಮೂರನೇ ದಿನ ಡಾಕ್ಟರು ನಮ್ಮನ್ನು ಕರೆದು ಮಿದುಳು ನಿಷ್ಕ್ರಿಯ ಆಗಿದೆ ಎಂದರು. ಬೆಳಿಗ್ಗೆ ಒಂದು ಸಲ ಪರೀಕ್ಷೆ ಮಾಡಿದ್ದರು. ಆರು ಗಂಟೆ ಬಿಟ್ಟು ಸಂಜೆ ಇನ್ನೊಂದು ಸಲ ಮಾಡಿದರು. ಆಮೇಲೆ ಕೋಆರ್ಡಿನೇಟರ್ ಒಬ್ಬರು ಬಂದು ಅಂಗಾಂಗ ದಾನದ ಬಗ್ಗೆ ಕೇಳಿದರು.

ಭಾವನ ಪರ್ಸಿನಲ್ಲಿ ದಾನಿ ಕಾರ್ಡ್ ಇತ್ತು. ಆಫೀಸಿನ ಶಿಬಿರದಲ್ಲಿ ಹೆಸರು ಕೊಟ್ಟಿದ್ದರಂತೆ. ಅಕ್ಕನಿಗೂ ಅದು ಗೊತ್ತಿರಲಿಲ್ಲ. ಕಾರ್ಡ್ ನೋಡಿ ಅವಳು ಒಪ್ಪಿದಳು. ಆದರೆ ಭಾವನ ಚಿಕ್ಕಪ್ಪ ಒಪ್ಪಲಿಲ್ಲ. “ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ, ಹೇಗೆ ಕುಯ್ಯಲು ಬಿಡುತ್ತೀರಿ” ಎಂದು ಕೂಗಾಡಿದರು. ಭಾವನ ತಾಯಿ ಏನೂ ಹೇಳಲಿಲ್ಲ, ಅಳುತ್ತಲೇ ಇದ್ದರು. ಕೋಆರ್ಡಿನೇಟರ್ ಎರಡು ಸಲ ಮಾತಾಡಿ, “ಮನೆಯವರೆಲ್ಲ ಒಂದೇ ಮಾತಿಗೆ ಬಂದರೆ ತಿಳಿಸಿ” ಎಂದು ಹೋದರು. ಮರುದಿನ ಬೆಳಗಿನ ಜಾವ ಹೃದಯವೂ ನಿಂತಿತು.

ಕೆಲವು ದೇಶಗಳಲ್ಲಿ ಬದುಕಿದ್ದಾಗ ‘ಬೇಡ’ ಎಂದು ಬರೆದುಕೊಡದವರೆಲ್ಲ ಒಪ್ಪಿದ ಹಾಗೆಯೇ ಲೆಕ್ಕ. ನಮ್ಮಲ್ಲಿ ‘ಹೌದು’ ಎಂದು ತಾವಾಗಲಿ ಮನೆಯವರಾಗಲಿ ಬಾಯಿಬಿಟ್ಟು ಹೇಳಬೇಕು. ಆ ಕಾನೂನು ಇಲ್ಲಿದ್ದಿದ್ದರೆ ಭಾವನ ಆಸೆ ನಡೆಯುತ್ತಿತ್ತಾ? ನಾಲ್ಕು ತಿಂಗಳಿಂದ ಇದೇ ಯೋಚನೆ. ತಿಳಿದವರು ಹೇಳಿ.

ಚೇತನ್

ಸರ್, ತುಂಬಾ ಬೇಜಾರಾಯಿತು. ನನ್ನ ಪ್ರಕಾರ ಖಂಡಿತ ನಡೆಯುತ್ತಿತ್ತು. 2003ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದರ ಬಗ್ಗೆ ಒಂದು ಪ್ರಸಿದ್ಧ ಲೇಖನ ಬಂದಿತ್ತು. ಜರ್ಮನಿಯಲ್ಲಿ ‘ಹೌದು’ ಎಂದು ಹೇಳಬೇಕು, ಅಲ್ಲಿ ಒಪ್ಪಿಗೆ ಶೇ 12. ಪಕ್ಕದ ಆಸ್ಟ್ರಿಯಾದಲ್ಲಿ ‘ಬೇಡ’ ಎನ್ನದಿದ್ದರೆ ಒಪ್ಪಿಗೆ, ಅಲ್ಲಿ ಶೇ 99.98. ಭಾಷೆ ಒಂದೇ, ಜನರೂ ಹೆಚ್ಚುಕಡಿಮೆ ಒಂದೇ ಥರ. ಬದಲಾಗಿದ್ದು ಫಾರಂ ಮಾತ್ರ. ಜನ ಸೋಮಾರಿತನಕ್ಕೆ ಫಾರಂ ತುಂಬುವುದಿಲ್ಲ, ಅಷ್ಟೇ. ಆ ಸೋಮಾರಿತನ ಜೀವ ಉಳಿಸುವ ಕಡೆಗೆ ಇರಲಿ. ಬೇಡದವರಿಗೆ ಹೊರಗೆ ಹೋಗುವ ದಾರಿ ಇದ್ದೇ ಇದೆಯಲ್ಲ.

ವಸಂತಾ

ರಘು ಅವರೇ, ನಾನು ಹತ್ತು ವರ್ಷಕ್ಕಿಂತ ಜಾಸ್ತಿ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಆಗಿ ಕೆಲಸ ಮಾಡಿದ್ದೇನೆ. ನಿಮ್ಮ ಮನೆಯವರು ಕೂತಿದ್ದ ಆ ಕೋಣೆಯಲ್ಲಿ, ಎದುರಿನ ಕುರ್ಚಿಯಲ್ಲಿ ಕೂತವಳು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಚೇತನ್ ಹೇಳಿದ್ದು. ಆ ಅಂಕಿ ಸುಳ್ಳಲ್ಲ. ಆದರೆ ಅದು ನಿಜವಾಗಿ ದಾನ ಮಾಡಿದವರ ಲೆಕ್ಕವಲ್ಲ. ಶೇ 99.98 ಎಂದರೆ ‘ಬೇಡ’ ಎಂದು ಬರೆದುಕೊಡದವರ ಲೆಕ್ಕ. ಅವರಲ್ಲಿ ಕಾನೂನೇ ಗೊತ್ತಿಲ್ಲದವರೂ ಇದ್ದಾರೆ, ಕೇಳಿದ್ದರೆ ಬೇಡ ಎನ್ನುತ್ತಿದ್ದವರೂ ಇದ್ದಾರೆ. ಎಷ್ಟು ಜನರ ಅಂಗ ಇನ್ನೊಬ್ಬರನ್ನು ತಲುಪಿತು ಎಂದು ನೋಡಿದರೆ ಎರಡು ದೇಶಗಳ ನಡುವೆ ಅಷ್ಟು ದೊಡ್ಡ ಅಂತರ ಇಲ್ಲ.

ಏಕೆಂದರೆ ದಾನ ನಡೆಯುವುದು ಫಾರಂನಲ್ಲಲ್ಲ, ಐಸಿಯುನಲ್ಲಿ. ತೀರಿಕೊಂಡವರ ಪೈಕಿ, ವೆಂಟಿಲೇಟರ್ ಮೇಲಿದ್ದು ಮಿದುಳು ಸತ್ತವರಿಂದಲೇ ಹೆಚ್ಚಾಗಿ ನಮ್ಮಲ್ಲಿ ಕಿಡ್ನಿ, ಲಿವರ್, ಹೃದಯ ಸಿಗುತ್ತದೆ. ಯಾರಾದರೂ ಅದನ್ನು ಗುರುತಿಸಬೇಕು. ನಾಲ್ವರು ಡಾಕ್ಟರು ಆರು ಗಂಟೆ ಅಂತರದಲ್ಲಿ ಎರಡು ಸಲ ನೋಡಿ ಸಹಿ ಹಾಕಬೇಕು. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕುಗ್ಗಬಾರದು. ಗಂಟಲಿನ ಕೊಳವೆ ಅಲ್ಲಾಡಿಸಿದರೆ ಕೆಮ್ಮು ಬರಬಾರದು. ಕೊನೆಗೆ ಆಮ್ಲಜನಕ ಬಿಟ್ಟುಕೊಂಡೇ ವೆಂಟಿಲೇಟರ್ ಬಿಡಿಸಿ, ಎಂಟು-ಹತ್ತು ನಿಮಿಷ ಎದೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಾ ಹೋಗುತ್ತದೆ. ಮಿದುಳಿನ ಕಾಂಡದಲ್ಲಿ ಒಂದಿಷ್ಟು ಜೀವ ಇದ್ದರೂ ಒಂದು ಉಸಿರಾದರೂ ಬರಬೇಕು. ಬರದಿದ್ದರೆ ಸಾವು. ಇಷ್ಟಾದರೂ ಹೃದಯ ಬಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ನಿಮ್ಮ ಭಾವನ ಚಿಕ್ಕಪ್ಪ ನೋಡಿದ್ದು ಅದನ್ನೇ. ಅವರು ಕೆಟ್ಟವರೇನಲ್ಲ. ಕೊನೆಯ ಪರೀಕ್ಷೆಯನ್ನು ಮನೆಯವರಲ್ಲಿ ಒಬ್ಬರು ಪಕ್ಕದಲ್ಲೇ ನಿಂತು ನೋಡಿದರೆ ಎಷ್ಟೋ ಸಲ ಈ ಸಂಶಯ ಕರಗುವುದನ್ನು ನಾನು ಕಂಡಿದ್ದೇನೆ.

ಈಗ ನಿಮ್ಮ ಪ್ರಶ್ನೆ. ಸ್ಪೇನ್‌ನಲ್ಲಿ 1979ರಿಂದಲೂ ನೀವು ಹೇಳುವಂಥ ಕಾನೂನೇ ಇದೆ. ಆದರೂ ಹತ್ತು ವರ್ಷ ಅಲ್ಲಿ ದಾನಿಗಳ ಸಂಖ್ಯೆ 10 ಲಕ್ಷ ಜನಕ್ಕೆ 14ರ ಹತ್ತಿರವೇ ಇತ್ತು. 1989ರಲ್ಲಿ ರಾಫೆಲ್ ಮಾತೆಸಾನ್ಸ್ ಎಂಬ ಡಾಕ್ಟರ ಕೈಕೆಳಗೆ ರಾಷ್ಟ್ರೀಯ ಸಂಸ್ಥೆ ಶುರುವಾಯಿತು. ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಹೆಚ್ಚಾಗಿ ಐಸಿಯು ಡಾಕ್ಟರನ್ನೇ ಕೋಆರ್ಡಿನೇಟರ್ ಮಾಡಿದರು. ಮನೆಯವರ ಜೊತೆ ಹೇಗೆ ಮಾತಾಡಬೇಕು ಎಂದು ಕಲಿಸಿದರು. ಈಗ ಅದು 45 ದಾಟಿದೆ. ಒಪ್ಪಿಗೆಯ ನಿಯಮ ಅದೇ, ಬದಲಾಗಿಲ್ಲ. ಅಲ್ಲಿ ಇವತ್ತಿಗೂ ಮನೆಯವರನ್ನು ಕೇಳುತ್ತಾರೆ, ಬೇಡ ಎಂದರೆ ಬಿಡುತ್ತಾರೆ. ಕಾನೂನಿನಿಂದ ಇದಾಯಿತು ಎಂದು ಹೇಳಬೇಡಿ ಎಂದು ಮಾತೆಸಾನ್ಸ್ ಅವರೇ ಮತ್ತೆ ಮತ್ತೆ ಬರೆದಿದ್ದಾರೆ.

ಹಾಗಾಗಿ ಸ್ಪೇನ್‌ನಲ್ಲಿದ್ದರೂ ನಿಮ್ಮ ಭಾವನ ಚಿಕ್ಕಪ್ಪ ಕೂಗಾಡಿದ್ದರೆ ದಾನ ನಿಲ್ಲುತ್ತಿತ್ತೇನೋ.

ಶಿವಣ್ಣ ಮೇಷ್ಟ್ರು

ರಘು, ದೇವರು ನಿಮ್ಮ ಅಕ್ಕನಿಗೆ ಧೈರ್ಯ ಕೊಡಲಿ. ಇಷ್ಟೆಲ್ಲ ತೊಡಕು ಯಾಕೆ ಎಂದು ನನಗೆ ಅರ್ಥವಾಗುತ್ತಿಲ್ಲ. ನಮ್ಮ ಅಪ್ಪು ಹೋದಾಗ ಕಣ್ಣು ದಾನ ಮಾಡಿದರು, ನಾಲ್ವರಿಗೆ ದೃಷ್ಟಿ ಬಂತು. ಅಣ್ಣಾವ್ರೂ ಮಾಡಿದ್ದರು. ಯಾರೂ ವೆಂಟಿಲೇಟರ್, ನಾಲ್ವರು ಡಾಕ್ಟರು ಎನ್ನಲಿಲ್ಲ. ನಾನೂ ನನ್ನ ದೇಹವನ್ನು ಮೆಡಿಕಲ್ ಕಾಲೇಜಿಗೆ ಬರೆದುಕೊಟ್ಟಿದ್ದೇನೆ. ಮಕ್ಕಳು ಒಂದು ಫೋನ್ ಮಾಡಿದರೆ ಸಾಕು ಎಂದಿದ್ದಾರೆ.

ವಸಂತಾ

ಮೇಷ್ಟ್ರೇ, ನಿಮಗೆ ನಮಸ್ಕಾರ. ಆದರೆ ಇವು ಮೂರೂ ಬೇರೆ ಬೇರೆ. ಕಣ್ಣಿನ ಕಾರ್ನಿಯಾವನ್ನು ಹೃದಯ ನಿಂತ ಮೇಲೂ ಆರು ಗಂಟೆಯೊಳಗೆ ತೆಗೆಯಬಹುದು. ಮನೆಯಲ್ಲಿ ತೀರಿಕೊಂಡರೂ ಆಗುತ್ತದೆ. ಅಪ್ಪು ಅವರ ಕಣ್ಣು ತೆಗೆದಿದ್ದೂ ಹೃದಯ ನಿಂತ ಮೇಲೆಯೇ. ಕಿಡ್ನಿ, ಲಿವರ್, ಹೃದಯಕ್ಕೆ ರಕ್ತ ಹರಿಯುತ್ತಿರಬೇಕು. ನಮ್ಮ ಚಿತ್ರರಂಗದವರದ್ದೇ ಉದಾಹರಣೆ ಬೇಕೆಂದರೆ 2021ರ ಜೂನ್‌ನಲ್ಲಿ ಸಂಚಾರಿ ವಿಜಯ್ ಅವರದ್ದು. ಬೈಕ್ ಅಪಘಾತ, ಮಿದುಳು ನಿಷ್ಕ್ರಿಯ, ಮನೆಯವರು ಒಪ್ಪಿದರು. ನೀವು ಬರೆದುಕೊಟ್ಟಿರುವ ದೇಹದಾನ ಕಲಿಯುವ ಮಕ್ಕಳಿಗೆ. ಅದರ ಕಾನೂನೇ ಬೇರೆ.

ರಘು, ವಿದ್ಯಾರಣ್ಯಪುರ

ಮೇಡಂ, ಹೃದಯ ನಿಂತ ಮೇಲೂ ಆರು ಗಂಟೆ ಇತ್ತು ಎಂದಿರಿ. ಅಂದರೆ ಭಾವನ ಕಣ್ಣನ್ನಾದರೂ ಕೊಡಬಹುದಿತ್ತು. ಬೆಳಿಗ್ಗೆ ಯಾರೂ ನಮ್ಮನ್ನು ಕೇಳಲಿಲ್ಲ. ನಮಗೂ ಹೊಳೆಯಲಿಲ್ಲ. ಪಂಚನಾಮೆ, ಮರಣೋತ್ತರ ಪರೀಕ್ಷೆ ಎಂದು ಓಡಾಡುತ್ತಿದ್ದೆವು.

ಕಾವ್ಯಾ, ವಕೀಲರು

ರಘು ಅವರೇ, ನಿಮ್ಮ ಕಥೆ ಓದಿದಾಗ ನನಗೆ ಕಂಡಿದ್ದು ಬೇರೆ. ಚರ್ಚೆ ‘ಸುಮ್ಮನಿದ್ದವನನ್ನು ಒಪ್ಪಿದ ಎಂದುಕೊಳ್ಳಬೇಕಾ’ ಎನ್ನುವ ಕಡೆಗೆ ಹೋಗುತ್ತಿದೆ. ಆದರೆ ನಿಮ್ಮ ಭಾವ ಸುಮ್ಮನಿರಲಿಲ್ಲ. ಅವರು ಹೇಳಿದ್ದರು. ಹೇಳಿದ ಮೇಲೂ ಅವರ ಮಾತು ನಡೆಯಲಿಲ್ಲ. ಒಬ್ಬ ಮನುಷ್ಯನ ದೇಹದ ಮೇಲೆ ಅವನ ಮಾತೇ ಕೊನೆಯದು ಎನ್ನುವುದಾದರೆ ಇಲ್ಲಿ ಸೋತಿದ್ದು ಅದೇ. ಜೀವ ಉಳಿಸುವುದು ಒಂದು ಕಡೆ, ಸ್ವಂತ ನಿರ್ಧಾರ ಇನ್ನೊಂದು ಕಡೆ ಎಂದು ತಕ್ಕಡಿಗೆ ಹಾಕುತ್ತೇವೆ. ಇಲ್ಲಿ ಎರಡೂ ಒಂದೇ ತಟ್ಟೆಯಲ್ಲಿದ್ದವು, ಎರಡೂ ಹೋದವು.

1994ರ ನಮ್ಮ ಅಂಗಾಂಗ ಕಸಿ ಕಾನೂನಿನ 3ನೇ ಕಲಂ ಓದಿ ನೋಡಿ. ಇಬ್ಬರು ಸಾಕ್ಷಿಗಳ ಎದುರು ಬರೆದುಕೊಟ್ಟಿದ್ದರೆ, ಆ ಸಾಕ್ಷಿಗಳಲ್ಲಿ ಒಬ್ಬರು ಹತ್ತಿರದ ಸಂಬಂಧಿಯಾಗಿದ್ದರೆ, ಆಮೇಲೆ ಮನಸ್ಸು ಬದಲಿಸಿದ್ದಕ್ಕೆ ಕಾರಣ ಕಾಣದಿದ್ದರೆ, ಆ ಬರವಣಿಗೆಯಂತೆ ನಡೆಯಲು ಅವಕಾಶ ಮಾಡಿಕೊಡಬೇಕು ಎಂದಿದೆ. ಏನೂ ಬರೆಯದೆ ಹೋದವರ ವಿಷಯದಲ್ಲಿ ಮಾತ್ರ ಹತ್ತಿರದ ಸಂಬಂಧಿಗಳ ಆಕ್ಷೇಪ ಮುಖ್ಯವಾಗುತ್ತದೆ. ಇನ್ನೊಂದು ವಿಷಯ: ‘ಹತ್ತಿರದ ಸಂಬಂಧಿ’ ಎಂದರೆ ಗಂಡ, ಹೆಂಡತಿ, ಮಕ್ಕಳು, ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ. 2011ರ ತಿದ್ದುಪಡಿಯಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಚಿಕ್ಕಪ್ಪ ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ವಸಂತಾ

ಕಾವ್ಯಾ ಹೇಳಿದ್ದು ಕಾಗದದಲ್ಲಿ ಸರಿ. ರಘು ಅವರೇ, ಆ ಕಾರ್ಡಿನ ಜೊತೆ, ದಾನಿ ಬದುಕಿದ್ದಾಗ ತಾನೇ ಬರೆದುಕೊಡುವ ಫಾರಂ 7 ತುಂಬಿದ್ದರಾ? ಅದರಲ್ಲಿ ಸಾಕ್ಷಿಯಾಗಿ ಅಕ್ಕನದ್ದೋ ತಾಯಿಯದ್ದೋ ಸಹಿ ಇತ್ತಾ? ಅಕ್ಕನಿಗೆ ಗೊತ್ತೇ ಇರಲಿಲ್ಲ ಎಂದಿರಿ. ಶಿಬಿರಗಳಲ್ಲಿ ಪಕ್ಕದ ಟೇಬಲ್ಲಿನ ಸಹೋದ್ಯೋಗಿಗಳೇ ಸಾಕ್ಷಿ ಹಾಕಿಬಿಡುತ್ತಾರೆ. ಹಾಗಾದಾಗ ಆ ಕಾಗದಕ್ಕೆ 3ನೇ ಕಲಂನ ಬಲ ಇರುವುದಿಲ್ಲ. ಕೊನೆಗೆ ಮನೆಯವರು ಒಪ್ಪಿ ಸಹಿ ಹಾಕುವ ಫಾರಂ 8 ಬೇಕಾಗುತ್ತದೆ.

ಇನ್ನು ಫಾರಂ 7 ಸರಿಯಾಗಿದ್ದರೂ ನಾನು ಮನೆಯವರ ಒಪ್ಪಿಗೆ ಇಲ್ಲದೆ ಮುಂದುವರಿದವಳಲ್ಲ. ನಮ್ಮಲ್ಲಿ ಯಾರೂ ಹಾಗೆ ಮಾಡಿದ್ದನ್ನು ಕಂಡಿಲ್ಲ. ತಾಯಿ ಅಳುತ್ತಿರುವಾಗ ಕಲಂ ಓದಿ ಹೇಳಿ ಮಗನನ್ನು ಆಪರೇಷನ್ ಥಿಯೇಟರಿಗೆ ಕರೆದೊಯ್ಯುವುದು ನನ್ನಿಂದ ಆಗದು. ಅದೂ ಅಲ್ಲದೆ ಅಂಥ ಒಂದು ಘಟನೆ ಟಿವಿಯಲ್ಲಿ ಬಂದರೆ ಸಾಕು. ಮುಂದಿನ ಒಂದು ವರ್ಷ ಯಾವ ಮನೆಯವರೂ ನಮ್ಮ ಎದುರು ಕೂರುವುದಿಲ್ಲ.

ಚೇತನ್

ಆಸ್ಟ್ರಿಯಾ ವಿಷಯದಲ್ಲಿ ನಾನು ತಪ್ಪು ಓದಿಕೊಂಡಿದ್ದೆ, ಒಪ್ಪಿದೆ. ಆದರೆ ವೇಲ್ಸ್ ನೋಡಿ. 2015ರ ಡಿಸೆಂಬರ್ 1ರಿಂದ ಅಲ್ಲಿ ಕಾನೂನು ಬದಲಾಯಿತು. ಅಲ್ಲಿ ನಿಜವಾಗಿಯೂ ಐಸಿಯುನಲ್ಲಿ ಒಪ್ಪಿದ ಮನೆಯವರ ಲೆಕ್ಕ ಇದೆ. ಶೇ 58ರ ಆಸುಪಾಸಿನಿಂದ ಮೂರು ವರ್ಷದಲ್ಲಿ ಶೇ 75 ದಾಟಿತು. ಇದು ಸುಮ್ನೆ ಆಗಿದ್ದಾ?

ವಸಂತಾ

ಇಲ್ಲ, ವೇಲ್ಸ್ ನಿಮ್ಮ ಕಡೆಯ ಒಳ್ಳೆಯ ಸಾಕ್ಷಿ. ಆದರೆ ಅದೇ ಕಾನೂನು 2020ರ ಮೇ 20ರಿಂದ ಇಂಗ್ಲೆಂಡಿಗೂ ಬಂತು. ಅಲ್ಲಿ ಅದಕ್ಕೂ ಮುಂಚೆ ಶೇ 67ರ ಹತ್ತಿರ ಇದ್ದ ಒಪ್ಪಿಗೆ ಆಮೇಲೆ ಶೇ 60ರ ಆಸುಪಾಸಿಗೆ ಇಳಿಯಿತು. ನಡುವೆ ಕೋವಿಡ್ ಇತ್ತು, ಹಾಗಾಗಿ ಎಲ್ಲ ತಪ್ಪನ್ನೂ ಕಾನೂನಿನ ಮೇಲೆ ಹೊರಿಸಲಾರೆ. ವೇಲ್ಸ್ ಕಾನೂನು ಬರುವ ಮುಂಚೆ ಎರಡು ವರ್ಷ ಮನೆಮನೆಗೂ ತಿಳಿಸಿತ್ತು. ಆ ಮಾತುಕತೆಯಿಂದ ಏರಿತಾ, ಕಾನೂನಿನಿಂದ ಏರಿತಾ ಎಂದು ಬಿಡಿಸಿ ಹೇಳುವುದು ಕಷ್ಟ.

ನನಗೆ ಮುಖ್ಯ ಅನ್ನಿಸಿದ್ದು ಅದೇ ಇಂಗ್ಲೆಂಡಿನ ಇನ್ನೊಂದು ಲೆಕ್ಕ. ತೀರಿಕೊಂಡವರು ತಾವೇ ‘ಹೌದು’ ಎಂದು ದಾಖಲಿಸಿದ್ದರೆ ಹತ್ತರಲ್ಲಿ ಒಂಬತ್ತು ಮನೆಯವರು ಒಪ್ಪುತ್ತಾರೆ. ಏನೂ ಹೇಳದೆ ಹೋಗಿ, ಕಾನೂನೇ ಅವರ ಪರವಾಗಿ ‘ಹೌದು’ ಎಂದಾಗ ಹತ್ತರಲ್ಲಿ ಐದಾರು ಮನೆಯವರು ಮಾತ್ರ. ಇದನ್ನು ನಾನು ನಮ್ಮ ಕೋಣೆಯಲ್ಲೂ ಕಂಡಿದ್ದೇನೆ. ಹೆಂಡತಿ ಕೇಳುವುದು ಒಂದೇ ಪ್ರಶ್ನೆ: “ಅವರಿಗೆ ಇಷ್ಟ ಇತ್ತಾ?” ಕಾರ್ಡ್ ಇದ್ದರೆ, ಒಂದು ಸಲ ಊಟ ಮಾಡುವಾಗ ಹೇಳಿದ್ದು ನೆನಪಿದ್ದರೆ, ಅವಳ ಕೈಗೆ ಏನೋ ಸಿಗುತ್ತದೆ. ಅದನ್ನು ಹಿಡಿದುಕೊಂಡು ಅವಳು ಮಾವನಿಗೂ ಉತ್ತರ ಹೇಳುತ್ತಾಳೆ. “ಅವರು ಬೇಡ ಎಂದು ಬರೆದಿಲ್ಲ” ಎಂದು ನಾನು ಹೇಳಿದರೆ ಅವಳ ಕೈ ಖಾಲಿ. ‘ಬೇಡ’ ಎನ್ನದಿದ್ದರೆ ಒಪ್ಪಿಗೆ ಎನ್ನುವ ಕಾನೂನು ಬಂದರೆ ಬಾಯಿಬಿಟ್ಟು ‘ಹೌದು’ ಎನ್ನುವವರೂ ಸುಮ್ಮನಾಗಿಬಿಡುತ್ತಾರೆ ಎನ್ನುವುದೇ ನನ್ನ ಭಯ. ಹೇಗೂ ಒಪ್ಪಿದ ಲೆಕ್ಕ ತಾನೇ, ಮತ್ತೆ ಯಾಕೆ ಬರೆಯಬೇಕು ಎಂದುಕೊಳ್ಳುತ್ತಾರೆ.

ಕಾವ್ಯಾ, ವಕೀಲರು

ಭಯ ಇನ್ನೊಂದೂ ಇದೆ. ಬ್ರೆಜಿಲ್ 1997ರಲ್ಲಿ ಎಲ್ಲರೂ ದಾನಿಗಳೇ, ಬೇಡದವರು ಗುರುತಿನ ಚೀಟಿಯಲ್ಲಿ ಬರೆಸಿಕೊಳ್ಳಿ ಎಂದು ಕಾನೂನು ತಂದಿತು. ಬಡವರು ಬೆಚ್ಚಿದರು. ಸರ್ಕಾರಿ ಆಸ್ಪತ್ರೆಗೆ ಹೋದರೆ ಬದುಕಿಸುವ ಮೊದಲೇ ಅಂಗ ತೆಗೆಯುತ್ತಾರೆ ಎಂದುಕೊಂಡು ‘ದಾನಿಯಲ್ಲ’ ಎಂದು ಬರೆಸಿಕೊಳ್ಳಲು ಸಾಲು ನಿಂತರು. ಡಾಕ್ಟರುಗಳೂ ವಿರೋಧಿಸಿದರು. 1998ರಲ್ಲೇ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡರು. ಕಿಡ್ನಿ ಮಾರಾಟದ ಸುದ್ದಿ ಕೇಳಿ ಬೆಳೆದ ನಮ್ಮ ಜನ ಇಂಥ ಕಾನೂನನ್ನು ಹೇಗೆ ಓದಿಕೊಳ್ಳುತ್ತಾರೆ? ಹೊರಗೆ ಹೋಗುವ ದಾರಿ ಇದೆ ಎಂದು ಚೇತನ್ ಹೇಳಿದರು. ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದು ಹೆಬ್ಬಾಳದ ಶೆಡ್ಡಿನಲ್ಲಿ ಇರುವವನಿಗೆ ಆ ದಾರಿ ಯಾರು ತೋರಿಸುತ್ತಾರೆ? ತಲೆಗೆ ಪೆಟ್ಟು ಬಿದ್ದು ಐಸಿಯುಗೆ ಬರುವವರಲ್ಲಿ ಅಂಥವರೇ ಜಾಸ್ತಿ ಅಲ್ವಾ?

ನನಗೆ ಸರಿ ಕಾಣುವುದು ಅಮೆರಿಕದ ದಾರಿ. ಅಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗಲ್ಲ, ಏನೂ ಹೇಳದೆ ಹೋದವರ ವಿಷಯದಲ್ಲಿ ಮನೆಯವರನ್ನು ಕೇಳುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗಲೇ ಕೇಳುತ್ತಾರೆ. ಆದರೆ ವಯಸ್ಕನೊಬ್ಬ ಒಮ್ಮೆ ‘ಹೌದು’ ಎಂದು ದಾಖಲಿಸಿದರೆ ಮನೆಯವರು ಅದನ್ನು ತಳ್ಳಿಹಾಕುವಂತಿಲ್ಲ. 10 ಲಕ್ಷ ಜನಕ್ಕೆ ದಾನಿಗಳ ಸಂಖ್ಯೆ ಸ್ಪೇನಿನ ಹತ್ತಿರಕ್ಕೇ ಇದೆ. ಹೇಳಿದವರ ಮಾತಿಗೆ ಬೆಲೆ, ಹೇಳದವರ ಮೌನಕ್ಕೂ ಬೆಲೆ.

ನಗ್ಮಾ, ಶಿವಾಜಿನಗರ

ನಾನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನನ್ನ ಯಜಮಾನರು ನಾಲ್ಕು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದಾರೆ. ವಾರಕ್ಕೆ ಮೂರು ದಿನ, ಪ್ರತಿ ಸಲ ನಾಲ್ಕು ಗಂಟೆ. ನನ್ನ ಕಿಡ್ನಿ ಹೊಂದಲಿಲ್ಲ. ರಾಜ್ಯದಲ್ಲಿ ಅಂಗಾಂಗ ಹಂಚುವ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರಿದೆ. ಎರಡು ಸಲ ರಾತ್ರಿ ಫೋನ್ ಬಂತು. ಎರಡು ಸಲವೂ ಬೇರೆಯವರ ಹಿಂದೆ ಕಾಯುವವರಾಗಿ ಕರೆದಿದ್ದರು. ರಕ್ತ ಕೊಟ್ಟು, ಬೆಳಗಿನವರೆಗೆ ಕೂತು, ಆಟೋದಲ್ಲಿ ವಾಪಸ್ ಬಂದೆವು.

ರಘು ಭಾಯ್, ನಿಮ್ಮ ಮನೆಯ ವಿಷಯ ಓದಿದಾಗ ನನಗೆ ಮೊದಲು ಬಂದ ಯೋಚನೆ ‘ಎರಡು ಕಿಡ್ನಿ ಹೋಯಿತಲ್ಲ’ ಎಂದು. ಆಮೇಲೆ ನಾಚಿಕೆಯಾಯಿತು. ನಿಮ್ಮ ಅಕ್ಕ ಗಂಡನನ್ನು ಕಳೆದುಕೊಂಡಿದ್ದಾರೆ.

ಕಾವ್ಯಾ ಮೇಡಂ ಮಾತು ನನಗೆ ಅರ್ಥವಾಗುತ್ತದೆ. ಆದರೂ ಒಂದು ಕೇಳುತ್ತೇನೆ. ಸತ್ತವರ ಮೌನಕ್ಕೆ ಬೆಲೆ ಎಂದಿರಿ. ಕಾಯುತ್ತಾ ಸಾಯುವವರ ಲೆಕ್ಕ ಆ ಬೆಲೆಯಲ್ಲಿ ಎಲ್ಲಿ ಬರುತ್ತದೆ? ನಮ್ಮ ಡಯಾಲಿಸಿಸ್ ಕೋಣೆಯಲ್ಲಿ ಬೆಳಗಿನ ಸರದಿಯಲ್ಲಿ ಎಂಟು ಹಾಸಿಗೆ. ನಾಲ್ಕು ವರ್ಷದಲ್ಲಿ ಮೂರು ಹಾಸಿಗೆಯ ಮುಖ ಬದಲಾಯಿತು. ಅವರಲ್ಲಿ ಕಿಡ್ನಿ ಸಿಕ್ಕಿದ್ದು ಒಬ್ಬರಿಗೆ ಮಾತ್ರ.

ಕಾವ್ಯಾ, ವಕೀಲರು

ನಗ್ಮಾ ಅವರೇ, ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮೌನವನ್ನು ಒಪ್ಪಿಗೆ ಎಂದುಕೊಳ್ಳುವುದರಿಂದ ನಿಮ್ಮವರಿಗೆ ನಾಳೆ ಕಿಡ್ನಿ ಸಿಗುತ್ತದೆ ಎಂದು ಖಚಿತವಾಗಿದ್ದರೆ ನಾನು ಇಷ್ಟು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲವೇನೋ.

ವಸಂತಾ

2023ರಲ್ಲಿ ಕರ್ನಾಟಕದಲ್ಲಿ ತೀರಿಕೊಂಡ ಮೇಲೆ ಅಂಗಾಂಗ ದಾನ ಮಾಡಿದವರು 178. ದೇಶದಲ್ಲಿ ನಾವು ಮುಂಚೂಣಿಯಲ್ಲಿದ್ದೇವೆ. ಆದರೂ 10 ಲಕ್ಷ ಜನಕ್ಕೆ ಮೂರೂ ಆಗುವುದಿಲ್ಲ. ದೇಶದ ಸರಾಸರಿ ಒಂದಕ್ಕಿಂತ ಕಡಿಮೆ. ನಗ್ಮಾ, ಕೊರತೆ ಬರೀ ಒಪ್ಪಿಗೆಯದ್ದಲ್ಲ. ಎಷ್ಟೋ ಐಸಿಯುಗಳಲ್ಲಿ ಮಿದುಳು ಸಾವಿನ ಪರೀಕ್ಷೆಯೇ ಆಗುವುದಿಲ್ಲ. ಬಿಲ್ ಏರುತ್ತದೆ, ಎರಡು-ಮೂರು ದಿನದಲ್ಲಿ ಹೃದಯ ನಿಲ್ಲುತ್ತದೆ, ಕಥೆ ಮುಗಿಯಿತು. ಅಲ್ಲಿ ಯಾರನ್ನೂ ಏನನ್ನೂ ಕೇಳಿಯೇ ಇಲ್ಲ. ಐಸಿಯುನಲ್ಲಿರುವವರು ದಾನಕ್ಕೆ ಬರೆದಿದ್ದಾರಾ ಎಂದು ವಿಚಾರಿಸಬೇಕು, ಇಲ್ಲದಿದ್ದರೆ ಮನೆಯವರಿಗೆ ದಾನದ ವಿಷಯ ತಿಳಿಸಬೇಕು ಎಂದು 2011ರ ತಿದ್ದುಪಡಿಯೇ ಹೇಳುತ್ತದೆ. ಯಾವ ಒಪ್ಪಿಗೆಯ ಕಾನೂನು ತಂದರೂ, ಪರೀಕ್ಷೆಯನ್ನೇ ಮಾಡದ ಕಡೆ ಅದು ಬಾಗಿಲಲ್ಲೇ ನಿಲ್ಲುತ್ತದೆ. ನನಗೆ ಒಂದು ಆಯ್ಕೆ ಕೊಟ್ಟರೆ ಮೊದಲು ಅದನ್ನು ಸರಿ ಮಾಡುತ್ತೇನೆ.

ಚೇತನ್

ಎರಡನ್ನೂ ಒಟ್ಟಿಗೆ ಮಾಡಬಹುದಲ್ಲ ಮೇಡಂ. ಕಾನೂನು ಬದಲಾದರೆ ಆಸ್ಪತ್ರೆಗಳಿಗೂ ಒಂದು ಒತ್ತಡ ಬರುತ್ತದೆ. ನನಗೆ ಇನ್ನೂ ಪೂರ್ತಿ ಮನಸ್ಸು ಬದಲಾಗಿಲ್ಲ.

ರಘು, ವಿದ್ಯಾರಣ್ಯಪುರ

ಎಲ್ಲರಿಗೂ ಧನ್ಯವಾದ. ಅಕ್ಕನನ್ನು ಕೇಳಿದೆ. ಭಾವನ ಫಾರಂನಲ್ಲಿ ಸಾಕ್ಷಿಗಳು ಇಬ್ಬರೂ ಆಫೀಸಿನವರೇ. ವಸಂತಾ ಮೇಡಂ ಊಹಿಸಿದ ಹಾಗೆಯೇ. ಆ ರಾತ್ರಿ ಭಾವನ ತಾಯಿ ಏನು ಅಂದುಕೊಂಡಿದ್ದರು ಎಂದೂ ವಿಚಾರಿಸಿದೆ. “ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೆ ಅವನಿಗೆ ಇಷ್ಟ ಇದ್ದ ಹಾಗೆ ಮಾಡಿ ಅನ್ನುತ್ತಿದ್ದೆ” ಎಂದು ತಿಂಗಳ ಹಿಂದೆ ಅಕ್ಕನ ಹತ್ತಿರ ಹೇಳಿದರಂತೆ. ನಾವೆಲ್ಲ ಚಿಕ್ಕಪ್ಪನ ಕೂಗಿಗೇ ಉತ್ತರ ಕೊಡುತ್ತಾ ಕೂತಿದ್ದೆವು.

ಮೊನ್ನೆ ಭಾನುವಾರ ನಾನು ಫಾರಂ 7 ತಂದು ಮನೆಯಲ್ಲಿ ಎಲ್ಲರ ಎದುರು ತುಂಬಿದೆ. ಹೆಂಡತಿ ಒಂದು ಸಾಕ್ಷಿ. ಇನ್ನೊಂದು ಅಮ್ಮ ಹಾಕಲಿ ಎಂದು ಕೊಟ್ಟೆ. ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. “ಎಲ್ಲ ಕೊಡು, ಕಣ್ಣು ಮಾತ್ರ ಬೇಡ, ಮುಂದಿನ ಜನ್ಮದಲ್ಲಿ ಕಾಣುವುದಿಲ್ಲ” ಎಂದರು. ನನಗೆ ಕಣ್ಣನ್ನೂ ಕೊಡಬೇಕು ಎಂದೇ ಇದೆ, ಭಾವನ ವಿಷಯ ಆದ ಮೇಲಂತೂ. ಕಣ್ಣಿಗೂ ಗುರುತು ಹಾಕಿದರೆ ಅಮ್ಮ ಸಹಿ ಹಾಕುವುದಿಲ್ಲ. ಬಿಟ್ಟರೆ ಅದು ನನ್ನ ನಿರ್ಧಾರ ಅಲ್ಲ. ಆ ಒಂದು ಜಾಗ ಖಾಲಿ ಬಿಟ್ಟು ಫಾರಂ ಇನ್ನೂ ಫ್ರಿಜ್ಜಿನ ಮೇಲಿದೆ. ವಸಂತಾ ಮೇಡಂ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ವಸಂತಾ

ಖಾಲಿ ಬಿಟ್ಟೇ ಅಮ್ಮನ ಸಹಿ ಹಾಕಿಸಿಕೊಳ್ಳಿ. ಕಣ್ಣಿನ ಆಸೆಯನ್ನು ನಿಮ್ಮ ಹೆಂಡತಿಗೆ ಹೇಳಿಡಿ. ಕಾವ್ಯಾ ಇದನ್ನು ಒಪ್ಪುವುದಿಲ್ಲ ಎಂದು ಗೊತ್ತು.

ಕಾವ್ಯಾ, ವಕೀಲರು

ಒಪ್ಪುವುದಿಲ್ಲ. ಎರಡನೇ ಸಾಕ್ಷಿ ಸಂಬಂಧಿಯೇ ಆಗಬೇಕಿಲ್ಲ ರಘು ಅವರೇ. ಹೆಂಡತಿಯ ಸಹಿ ಇದ್ದ ಮೇಲೆ ಪಕ್ಕದ ಮನೆಯವರದ್ದಾದರೂ ನಡೆಯುತ್ತದೆ. ನಿಮ್ಮ ಮನಸ್ಸಿನಲ್ಲಿ ಇರುವುದನ್ನೇ ಬರೆಯಿರಿ.

ರಘು, ವಿದ್ಯಾರಣ್ಯಪುರ

ಪಕ್ಕದ ಮನೆಯವರ ಸಹಿ ಸಿಗುತ್ತದೆ. ಆದರೆ ಆ ದಿನ ಐಸಿಯು ಹೊರಗೆ ಕೂರುವವರು ಅಮ್ಮ. ಇನ್ನೂ ಒಂದು ವಾರ ಅವರ ಜೊತೆ ಮಾತಾಡಿ ನೋಡುತ್ತೇನೆ.